ಗ್ರೂಪ್ ಫೋಟೋ ರಿಪೇರಿ: ಬೇಸ್ ಫಿಕ್ಸ್ ಆಯ್ತು

ಅಜ್ಜಿಗೆ 80 ತುಂಬಿದ ದಿನ ಜಗಲಿ ಮೆಟ್ಟಿಲ ಮೇಲೆ ಎಲ್ರನ್ನೂ ನಿಲ್ಸಿ ತೆಗೆದ ಫೋಟೋಗಳು ಇವು, ಎಲ್ರೂ ಚೆನ್ನಾಗಿ ಬಂದಿರೋದು ಒಂದೂ ಇಲ್ಲ. ಅದಕ್ಕೆ ಒಂದು ಫೋಟೋನ ಬೇಸ್ ಆಗಿ ಇಟ್ಕೊಂಡು, ಅದರಲ್ಲಿ ಸರಿಯಾಗಿ ಬರದ ಮುಖನ ಬೇರೆ ಫೋಟೋದಿಂದ ತಂದು ಕೂರಿಸ್ತೀನಿ. ಇವತ್ತು ಪೂರ್ತಿ ಆ ಬೇಸ್ ಆರಿಸೋದ್ರಲ್ಲೇ ಹೋಯ್ತು, ಕೊನೆಗೆ ಉಳಿದಿದ್ದು ಎರಡು.

IMG_2047 ನೋಡಿದ ತಕ್ಷಣ ಇಷ್ಟ ಆಗುತ್ತೆ, ಅಜ್ಜಿ ನಗ್ತಿದಾರೆ, ಮಕ್ಳೂ ಕ್ಯಾಮೆರಾ ಕಡೆನೇ ನೋಡ್ತಿದಾರೆ, ಚಿಕ್ಕಮ್ಮ ಮಾತ್ರ ಪಕ್ಕದ ಮಗು ಕಡೆ ತಿರುಗಿಬಿಟ್ಟಿದಾರೆ. IMG_2043ರಲ್ಲಿ ನಗು ಸ್ವಲ್ಪ ಕಮ್ಮಿ, ದೊಡ್ಡಪ್ಪ ಕಣ್ಣು ಮುಚ್ಚಿದಾರೆ. ನಾನು ಆರಿಸಿದ್ದು 2043.

ಯಾಕಂದ್ರೆ ಬೇಸ್ ಆರಿಸುವಾಗ ನಾನು ಚೆನ್ನಾಗಿರೋ ಮುಖ ಎಷ್ಟಿವೆ ಅಂತ ನೋಡಲ್ಲ, ಬದಲಾಯಿಸಬೇಕಾದ ಆ ಒಂದು ತಲೆಯ ಸುತ್ತ ಏನಿದೆ ಅಂತ ನೋಡ್ತೀನಿ. ಚಿಕ್ಕಮ್ಮನ ತಲೆ ತಿರುಗಿದೆ ಅಂದ್ರೆ ಕತ್ತೂ ತಿರುಗಿದೆ, ಸರ ಒಂದು ಪಕ್ಕಕ್ಕೆ ಜಾರಿದೆ, ಭುಜನೂ ಸ್ವಲ್ಪ ಮುಂದೆ ಬಂದಿದೆ, ಅದರ ಮೇಲೆ ನೇರ ನೋಡೋ ಮುಖ ಕೂರಿಸಿದ್ರೆ ಎಷ್ಟು ನೀಟಾಗಿ ಕತ್ತರಿಸಿದ್ರೂ ಕತ್ತು ಮುರಿದ ಹಾಗೆ ಕಾಣುತ್ತೆ. ಸಾಲ್ದು ಅಂತ ಅವರ ಬಿಟ್ಟ ಕೂದ್ಲು ಪಕ್ಕದೋರ ಸೀರೆ ಮೇಲೆ ಬಿದ್ದಿದೆ, ಆ ಎಳೆಗಳನ್ನ ಮಾಸ್ಕ್ ಮಾಡೋದು ತುಂಬಾ ಕಷ್ಟ. ದೊಡ್ಡಪ್ಪ ನೇರ ನಿಂತಿದಾರೆ, ಕೂದ್ಲು ಗಿಡ್ಡ, ಹಿಂದೆ ಬರೀ ಸುಣ್ಣದ ಗೋಡೆ, ಶರ್ಟ್ ಕಾಲರ್ ಇರೋದ್ರಿಂದ ಜಾಯಿಂಟ್ ಅದರ ಅಂಚಲ್ಲೇ ಅಡಗುತ್ತೆ.

ಇನ್ನು ಆ ಮುಖ ಎಲ್ಲಿಂದ ತರೋದು ಅನ್ನೋದು. ದೊಡ್ಡಪ್ಪನ ನಗು 2047ರಲ್ಲೇ ಜಾಸ್ತಿ ಚೆನ್ನಾಗಿದೆ, ಆದ್ರೆ ಅಷ್ಟೊತ್ತಿಗೆ ಮೋಡ ಸರಿದು ಬಿಸಿಲು ಬಂದಿತ್ತು, ಮೂಗಿನ ಕೆಳಗಿನ ನೆರಳು ಗಟ್ಟಿಯಾಗಿದೆ. ಬಣ್ಣ ಸರಿ ಮಾಡಬಹುದು, ನೆರಳಿನ ಅಂಚು ಮೆತ್ತಗೆ ಮಾಡೋದು ಕಷ್ಟ. ಅದಕ್ಕೆ 2043 ಆದ ಮರುಕ್ಷಣ ತೆಗೆದ 2044 ತಗೊಂಡೆ. ಅದರಲ್ಲಿ ನಾನು ಒಂಚೂರು ಹತ್ರ ಹೋಗಿದ್ದೆ, ಹಾಗಾಗಿ ಮುಖ ದೊಡ್ಡದಾಗಿದೆ, ಇದು ಒಳ್ಳೇದೇ, ದೊಡ್ಡ ಮುಖ ಚಿಕ್ಕದು ಮಾಡಿದ್ರೆ ಶಾರ್ಪ್ ಆಗೇ ಇರುತ್ತೆ, ಚಿಕ್ಕದನ್ನ ಎಳೆದು ದೊಡ್ಡದು ಮಾಡಿದ್ರೆ ಅದೊಂದೇ ಮಸುಕಾಗಿ ಎದ್ದು ಕಾಣುತ್ತೆ.

ಫೋಟೋ ಎಡಿಟ್ ಮಾಡೋ ಜಿಂಪ್‌ನಲ್ಲಿ 2044ನ ಮೇಲಿನ ಲೇಯರ್ ಮಾಡಿ, ಕೆಳಗಿನ 2043ನೂ ಕಾಣಲಿ ಅಂತ ಒಪಾಸಿಟಿ 50ಕ್ಕೆ ಇಳಿಸಿ ನೋಡಿದೆ, ಸ್ವಲ್ಪ ಚಿಕ್ಕದು ಮಾಡಿದ ಮೇಲೆ ಎರಡೂ ಕಿವಿ, ಗದ್ದ, ಕಾಲರ್ ಒಂದರ ಮೇಲೊಂದು ಕೂತ್ವು. ಕಿವಿ ಕೂತು ಗದ್ದ ಕೂರದೇ ಇದ್ದಿದ್ರೆ ತಲೆ ಬಗ್ಗಿದೆ ಅಂತ ಅರ್ಥ, ಆಗ ಬೇರೆ ಶಾಟ್ ಹುಡುಕಬೇಕಿತ್ತು.

ಕಣ್ಣಷ್ಟೇ ತಂದ್ರೆ ಸಾಲ್ದಾ ಅಂತ ತಂಗಿ ಕೇಳಿದ್ಲು. ಕಣ್ಣು ಮುಚ್ಚಿದಾಗ ಕೆನ್ನೆ, ಹುಬ್ಬು ಎಲ್ಲಾ ಬೇರೆ ಥರ ಇರುತ್ತೆ, ಅದಕ್ಕೆ ಕಾಲರ್ ತನಕ ಇಡೀ ತಲೆನೇ ತರ್ತೀನಿ. ನಾಳೆ ಮಾಸ್ಕ್ ಶುರು, ಎಡಗಿವಿ ಕಡೆಯಿಂದ.