ಹ್ಯಾಂಡ್‌ಬ್ರೇಕ್ ಇಳಿಸಿದ್ರೂ ಕೆಂಪು ಲೈಟ್ ಹೋಗ್ತಿಲ್ಲ ಅಂದ್ರೆ ಬಾನೆಟ್ ಕೂಡ ತೆಗೀಬೇಕು, ಯಾಕೆ ಅಂತ ಹೇಳ್ತೇನೆ

ಉಡುಪಿಯಲ್ಲಿ ಗ್ಯಾರೇಜ್ ಕೆಲಸ ನಂದು, ಬರೋದು ಜಾಸ್ತಿ ಹಳೇ ಗಾಡಿಗಳೇ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಕಂಪ್ಲೇಂಟ್ ತುಂಬಾ ಬರ್ತದೆ, ಹ್ಯಾಂಡ್‌ಬ್ರೇಕ್ ಪೂರ್ತಿ ಕೆಳಗೆ ಹಾಕಿದ್ರೂ ಮೀಟರಲ್ಲಿ ಕೆಂಪು ಲೈಟ್ ಹಾಗೇ ಉರೀತಾ ಇರ್ತದೆ ಅಂತ. ಹೆಚ್ಚಿನವರು ಅದನ್ನು ಹ್ಯಾಂಡ್‌ಬ್ರೇಕ್ ಲೈಟ್ ಅಂತ ಮಾತ್ರ ತಿಳ್ಕೊಂಡಿರ್ತಾರೆ. ಆದ್ರೆ ಹೆಚ್ಚಿನ ಹಳೇ ಕಾರುಗಳಲ್ಲಿ ಆ ಒಂದೇ ಬಲ್ಬಿಗೆ ಎರಡು ಸ್ವಿಚ್ ಉಂಟು, ಒಂದು ಲಿವರಿನ ಬುಡದಲ್ಲಿ, ಇನ್ನೊಂದು ಬಾನೆಟ್ ಒಳಗೆ ಬ್ರೇಕ್ ಆಯಿಲ್ ಡಬ್ಬಿಯಲ್ಲಿ. ಮನೆಯ ಒಂದು ಬೆಲ್ಲಿಗೆ ಎದುರು ಬಾಗಿಲಲ್ಲೊಂದು ಹಿಂದಿನ ಬಾಗಿಲಲ್ಲೊಂದು ಸ್ವಿಚ್ ಇಟ್ಟ ಹಾಗೆ, ಯಾವುದನ್ನು ಒತ್ತಿದ್ರೂ ಬೆಲ್ ಒಂದೇ. ಬಲ್ಬಿಗೆ ಕೀ ಆನ್ ಮಾಡಿದ ಕೂಡ್ಲೆ ಕರೆಂಟ್ ಬರ್ತದೆ, ಈ ಎರಡರಲ್ಲಿ ಯಾವ ಸ್ವಿಚ್ ಅರ್ತ್ ಕೊಟ್ರೂ ಉರೀತದೆ.

ಮೊನ್ನೆ ಮಲ್ಪೆ ಕಡೆಯಿಂದ ಒಬ್ರು ಬಂದ್ರು, ಬಂದರಿನಲ್ಲಿ ಮೀನಿನ ವ್ಯಾಪಾರ, 2006ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. "ಅಣ್ಣ, ಲಿವರ್ ಸ್ವಲ್ಪ ಅಲ್ಲಾಡಿಸಿದ್ರೆ ಹೋಗ್ತದೆ, ಮತ್ತೆ ಬರ್ತದೆ, ಒಂದು ಸ್ವಿಚ್ ಹಾಕಿ ಕೊಡಿ ಸಾಕು" ಅಂದ್ರು. ಲಿವರನ್ನು ಕೈಯಲ್ಲಿ ಗಟ್ಟಿ ಕೆಳಗೆ ಒತ್ತಿ ನೋಡಿದೆ, ಲೈಟ್ ಹೋಯ್ತು, ಕೈ ಬಿಟ್ರೆ ಮತ್ತೆ ಬಂತು. ಇದು ಸ್ವಿಚ್ಚಿನದ್ದೇ ಲಕ್ಷಣ, ಅವರು ಹೇಳಿದ್ದು ಸರಿಯೇ ಇತ್ತು. ಮಧ್ಯದ ಪ್ಲಾಸ್ಟಿಕ್ ಕವರ್ ಬಿಚ್ಚಿದ್ರೆ ಲಿವರಿನ ಪಕ್ಕದಲ್ಲಿ ಸಣ್ಣ ಸ್ವಿಚ್ ಕಾಣ್ತದೆ, ಅದಕ್ಕೊಂದು ಪಿನ್ನು, ಲಿವರ್ ಪೂರ್ತಿ ಇಳಿದಾಗ ಆ ಪಿನ್ನನ್ನು ಒಳಗೆ ಒತ್ತಿ ಅರ್ತ್ ಕಟ್ ಮಾಡ್ತದೆ. ನಮ್ಮ ಕಡಲ ಬದಿಯ ಉಪ್ಪು ಗಾಳಿ, ಒದ್ದೆ ಕಾಲಲ್ಲಿ ಹತ್ತಿದ ನೀರು, ಮರಳು, ಎಲ್ಲ ಸೇರಿ ಆ ಪಿನ್ನು ತುಕ್ಕು ಹಿಡಿದು ಸಿಕ್ಕಿಕೊಳ್ತದೆ. ಇವರದ್ದರಲ್ಲೂ ಪಿನ್ನು ಪೂರ್ತಿ ಒಳಗೆ ಹೋಗ್ತಾ ಇರ್ಲಿಲ್ಲ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಪಿನ್ನನ್ನು ಹತ್ತಾರು ಸಲ ಒತ್ತಿ ಬಿಟ್ಟು ಮಾಡಿದ್ರೆ ಸಡಿಲ ಆಗ್ತದೆ, ಸ್ವಿಚ್ ಕೂರುವ ಕ್ಲಿಪ್ ಬಗ್ಗಿದ್ರೆ ಸರಿ ಕೂರಿಸ್ಬೇಕು. ಗ್ರೀಸ್ ಮೆತ್ತುವವರಿದ್ದಾರೆ, ದಯವಿಟ್ಟು ಬೇಡ, ಅದಕ್ಕೆ ಧೂಳು ಹಿಡಿದು ಮತ್ತೆ ಅದೇ ಕಥೆ.

ಇಲ್ಲಿಗೆ ನಿಲ್ಲಿಸಬಹುದಿತ್ತು, ಗಿರಾಕಿಯೂ ಖುಷಿ. ಆದ್ರೆ ನಾನು ಈ ಕಂಪ್ಲೇಂಟಿಗೆ ಕೈ ಹಾಕಿದ್ರೆ ಎರಡೂ ಸ್ವಿಚ್ಚನ್ನು ಬೇರೆ ಬೇರೆ ಮಾಡಿ ನೋಡದೆ ಬಿಡುವುದಿಲ್ಲ. ಲಿವರ್ ಸ್ವಿಚ್ಚಿನ ಕನೆಕ್ಟರ್ ತೆಗೆದು ಕೀ ಆನ್ ಮಾಡ್ಬೇಕು. ಲೈಟ್ ಹೋಗಿ ಮತ್ತೆ ಬರದಿದ್ರೆ ತಪ್ಪು ಲಿವರ್ ಕಡೆ. ಹೋಗದಿದ್ರೆ ಆಯಿಲ್ ಡಬ್ಬಿಯ ಕನೆಕ್ಟರ್ ತೆಗೀಬೇಕು, ಆಗ ಹೋದ್ರೆ ಆಯಿಲ್ ಕಡೆ. ಎರಡೂ ತೆಗೆದ ಮೇಲೂ ಉರಿದ್ರೆ ಎಲ್ಲೋ ವೈರ್ ಉಜ್ಜಿ ಬಾಡಿಗೆ ತಾಗ್ತಾ ಉಂಟು ಅಂತ ಲೆಕ್ಕ. ಎಬಿಎಸ್ ಇರುವ ಗಾಡಿಯಾದ್ರೆ ಅದರ ಯೂನಿಟ್ ಕೂಡ ಈ ಲೈಟ್ ಹಚ್ಚಬಹುದು, ಆಗ ಸಾಮಾನ್ಯವಾಗಿ ಎಬಿಎಸ್ ಲೈಟೂ ಜೊತೆಗೆ ಇರ್ತದೆ, ಅದಕ್ಕೆ ಸ್ಕ್ಯಾನರ್ ಬೇಕು. ಇವರ ಗಾಡಿಗೆ ಎಬಿಎಸ್ ಇರ್ಲಿಲ್ಲ.

ಲಿವರ್ ಸ್ವಿಚ್ ತೆಗೆದಿಟ್ಟು ಗಾಡಿಯನ್ನು ಅಂಗಳದಲ್ಲಿ ಒಂದು ಸುತ್ತು ಹಾಕಿ ಬ್ರೇಕ್ ಹೊಡೆದೆ ನೋಡಿ, ಕೆಂಪು ಲೈಟ್ ಒಂದು ಸಲ ಮಿನುಗಿ ಹೋಯ್ತು. ಲಿವರ್ ಸ್ವಿಚ್ ಲೈನಲ್ಲೇ ಇಲ್ಲ, ಹಾಗಾದ್ರೆ ಇದು ಡಬ್ಬಿಯಿಂದ ಬಂದದ್ದು. ಡಬ್ಬಿಯೊಳಗೆ ತೇಲುವ ಫ್ಲೋಟ್ ಉಂಟು, ಆಯಿಲ್ ಮಿನಿಮಮ್ ಗೆರೆ ಹತ್ರ ಬಂದಾಗ ಬ್ರೇಕಿಗೆ, ತಿರುವಿಗೆ ಆಯಿಲ್ ಒಂದು ಕಡೆ ವಾಲಿ ಫ್ಲೋಟ್ ಕ್ಷಣ ಕೆಳಗಿಳೀತದೆ, ಅದಕ್ಕೆ ಮಿನುಗುವುದು. ನೆಟ್ಟಗೆ ನಿಂತ ಗಾಡಿಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಬಾನೆಟ್ ತೆಗೆದ್ರೆ ಆಯಿಲ್ ಸರಿಯಾಗಿ ಮಿನಿಮಮ್ ಗೆರೆಯಲ್ಲಿ.

ಇಲ್ಲಿ ಎಲ್ಲರೂ ಬಾಟ್ಲಿ ತೆಗೆದು ಮ್ಯಾಕ್ಸ್‌ವರೆಗೆ ಸುರಿದುಬಿಡ್ತಾರೆ, ನನಗೆ ಅದು ಸರಿ ಕಾಣುವುದಿಲ್ಲ. ಬ್ರೇಕ್ ಆಯಿಲ್ ಇಂಜಿನ್ ಆಯಿಲ್ ಹಾಗೆ ಉರಿದು ಖರ್ಚಾಗುವ ವಸ್ತು ಅಲ್ಲ. ಕಡಿಮೆ ಆಗ್ಲಿಕ್ಕೆ ಎರಡೇ ದಾರಿ. ಒಂದೋ ಮುಂದಿನ ಪ್ಯಾಡ್ ಸವೆದು ಅದನ್ನು ದೂಡುವ ಕ್ಯಾಲಿಪರ್ ಪಿಸ್ಟನ್ ಹೊರಗೆ ಬಂದಿರ್ತದೆ, ಆ ಜಾಗಕ್ಕೆ ಆಯಿಲ್ ಇಳಿದಿರ್ತದೆ, ಹೊಸ ಪ್ಯಾಡ್ ಹಾಕುವಾಗ ಪಿಸ್ಟನ್ ಒತ್ತಿದ್ರೆ ಅದೇ ಆಯಿಲ್ ಡಬ್ಬಿಗೆ ವಾಪಸ್ ಬರ್ತದೆ. ಮೊದಲೇ ತುಂಬಿಸಿಟ್ಟಿದ್ರೆ ಆಗ ಉಕ್ಕಿ ಚೆಲ್ಲಿ ಪೇಂಟ್ ಹಾಳು. ಇಲ್ಲಾಂದ್ರೆ ಎಲ್ಲೋ ಲೀಕ್. ಇವರ ಮುಂದಿನ ಚಕ್ರ ತೆಗೆದು ನೋಡಿದೆ, ಪ್ಯಾಡ್ ದಪ್ಪ ಉಂಟು, ಇತ್ತೀಚೆಗೆ ಹಾಕಿದ್ದಂತೆ. ಹಾಗಾದ್ರೆ ಆಯಿಲ್ ಎಲ್ಲಿಗೆ ಹೋಯ್ತು?

ಆಗ ಕೇಳಿದೆ, "ಏರಲ್ಲಿ ಹ್ಯಾಂಡ್‌ಬ್ರೇಕ್ ಹಿಡೀತದಾ?" "ಇಲ್ಲ ಅಣ್ಣ, ಮಣಿಪಾಲದ ಏರಲ್ಲಿ ನಿಲ್ಲಿಸಿದ್ರೆ ಜಾರ್ತದೆ, ಈಗ ತುಂಬಾ ಮೇಲೆ ಎಳೀಬೇಕು, ಕೇಬಲ್ ಟೈಟ್ ಮಾಡಿ" ಅಂದ್ರು. ಅದೇ ಸುಳಿವು. ಇಂಥ ಗಾಡಿಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಡ್ರಮ್ಮಿನ ಶೂಗಳನ್ನೇ. ಹಿಂದಿನ ಎಡಗಡೆ ಡ್ರಮ್ ತೆಗೆದ್ರೆ, ಪೆಡಲ್ ಒತ್ತಿದಾಗ ಆಯಿಲ್ ಒತ್ತಡಕ್ಕೆ ಶೂಗಳನ್ನು ದೂಡುವ ವೀಲ್ ಸಿಲಿಂಡರಿನ ರಬ್ಬರ್ ಬೂಟ್ ಒದ್ದೆ, ಬೆರಳಲ್ಲಿ ಎತ್ತಿದ್ರೆ ಒಳಗಿಂದ ಆಯಿಲ್ ಇಳಿಯಿತು, ಶೂ ಕಪ್ಪಗೆ ನೆನೆದು ಹೋಗಿತ್ತು. ಡ್ರಮ್ಮಿನ ಒಳಗೇ ಸೋರಿದ್ರಿಂದ ನೆಲಕ್ಕೆ ಒಂದು ಹನಿ ಬಿದ್ದಿಲ್ಲ, ಹಾಗಾಗಿ ಅವರಿಗೆ ಗೊತ್ತಾಗ್ಲೇ ಇಲ್ಲ. ಆಯಿಲ್ ಕುಡಿದ ಶೂ ಹಿಡಿಯುವುದಿಲ್ಲ, ಅದಕ್ಕೇ ಏರಲ್ಲಿ ಜಾರಿದ್ದು. ಕೇಬಲ್ ಎಷ್ಟು ಟೈಟ್ ಮಾಡಿದ್ರೂ ಪ್ರಯೋಜನ ಇರ್ಲಿಲ್ಲ, ಮೇಲಿಂದ ಬಲಗಡೆ ಚಕ್ರ ಉಜ್ಜಿ ಬಿಸಿ ಆಗ್ತಿತ್ತು.

ಆ ಕಡೆಯ ವೀಲ್ ಸಿಲಿಂಡರ್ ಹೊಸದು, ಶೂ ಮಾತ್ರ ಎರಡೂ ಕಡೆ ಹೊಸದು, ಯಾಕಂದ್ರೆ ಒಂದೇ ಕಡೆ ಬದಲಾಯಿಸಿದ್ರೆ ಬ್ರೇಕ್ ಒಂದು ಬದಿಗೆ ಎಳೀತದೆ. ನೆನೆದ ಶೂವನ್ನು ಪೆಟ್ರೋಲಲ್ಲಿ ತೊಳೆದು, ಸ್ಯಾಂಡ್ ಪೇಪರ್ ಹೊಡೆದು ವಾಪಸ್ ಹಾಕುವುದನ್ನು ನಾನು ಒಪ್ಪುವುದಿಲ್ಲ, ಒಳಗೆ ಇಳಿದ ಆಯಿಲ್ ಬಿಸಿಗೆ ಮತ್ತೆ ಹೊರಗೆ ಬರ್ತದೆ. ಆಮೇಲೆ ಸೀಲ್ ಇದ್ದ ಹೊಸ ಬಾಟ್ಲಿ ಒಡೆದು, ಡಬ್ಬಿಯ ಮುಚ್ಚಳದಲ್ಲಿ ಬರೆದ ಗ್ರೇಡಿನದ್ದೇ ಆಯಿಲ್, ಇವರದ್ದಕ್ಕೆ ಡಾಟ್ 3, ಹಾಕಿ ಲೈನಲ್ಲಿದ್ದ ಗಾಳಿ ಹೋಗುವ ಹಾಗೆ ಬ್ಲೀಡ್ ಮಾಡಿದ್ದು. ಅರ್ಧ ಖಾಲಿ ಮಾಡಿ ಕಪಾಟಲ್ಲಿಟ್ಟ ಬಾಟ್ಲಿ ಬೇಡ, ಈ ಆಯಿಲ್ ಗಾಳಿಯ ತೇವ ಹೀರ್ತದೆ, ನಮ್ಮೂರ ಮಳೆಗಾಲದಲ್ಲಂತೂ ಕೇಳುವುದೇ ಬೇಡ, ತೇವ ಸೇರಿದ್ರೆ ಘಾಟಿ ಇಳಿಯುವಾಗ ಬ್ರೇಕ್ ಕಾದು ಆಯಿಲ್ ಬೇಗ ಕುದೀತದೆ, ಪೆಡಲ್ ಮೆತ್ತಗಾಗ್ತದೆ.

ಕೆಲವು ಕಡೆ ಈ ಲೈಟ್ ಕಿರಿಕಿರಿ ಅಂತ ಬಲ್ಬನ್ನೇ ತೆಗೆದು ಕಳಿಸ್ತಾರೆ. ಅಂಥ ಗಾಡಿ ನೋಡುವಾಗ ನನಗೆ ನಿಜಕ್ಕೂ ಹೆದರಿಕೆ ಆಗ್ತದೆ, ಆಯಿಲ್ ಖಾಲಿ ಆದ್ರೂ ಓಡಿಸುವವರಿಗೆ ಹೇಳುವವರೇ ಇಲ್ಲ.

ಅದಕ್ಕೆ ಗಾಡಿ ಕೊಡುವ ಮೊದಲು ಲೈಟನ್ನೂ ಟೆಸ್ಟ್ ಮಾಡ್ತೇನೆ. ಕೀ ಆನ್, ಹ್ಯಾಂಡ್‌ಬ್ರೇಕ್ ಕೆಳಗೆ, ಲೈಟ್ ಆಫ್ ಇರ್ಬೇಕು. ಲಿವರ್ ಒಂದು ಹಲ್ಲು ಎಳೆದ್ರೆ ಬರ್ಬೇಕು, ಇಳಿಸಿದ್ರೆ ಹೋಗ್ಬೇಕು. ಆಮೇಲೆ ಡಬ್ಬಿಯ ಮುಚ್ಚಳ ಮೆಲ್ಲ ಎತ್ತಬೇಕು, ಫ್ಲೋಟ್ ಮುಚ್ಚಳಕ್ಕೇ ಇರುವ ಗಾಡಿಯಲ್ಲಿ ಅದು ಜೋತು ಬಿದ್ದು ಲೈಟ್ ಬರ್ತದೆ. ಬರದಿದ್ರೆ ಫ್ಲೋಟ್ ಸಿಕ್ಕಿದೆ ಅಥವಾ ಕನೆಕ್ಟರಲ್ಲಿ ತುಕ್ಕು. ಇವರದ್ದರಲ್ಲಿ ಎರಡೂ ಕಡೆಯಿಂದ ಸರಿಯಾಗಿ ಬಂತು, ಡಬ್ಬಿಯ ಮೇಲೆ ಮಾರ್ಕರಲ್ಲಿ ಆಯಿಲ್ ಮಟ್ಟಕ್ಕೆ ಗೆರೆ ಎಳೆದು, ವಾರಕ್ಕೊಮ್ಮೆ ನೋಡಿ, ಗೆರೆಯಿಂದ ಇಳಿದ್ರೆ ತುಂಬಿಸದೆ ಸೀದಾ ಗಾಡಿ ತನ್ನಿ ಅಂತ ಹೇಳಿ ಕಳಿಸಿದೆ.