ಧ್ಯಾನದ ಪೆಟ್ಟಿಗೆ: ಕೂತರೂ ಲೆಕ್ಕಕ್ಕೆ ಬಾರದ ಬೆಳಗುಗಳು

ಸಿಕ್ಕಿತು! ಇಷ್ಟು ದಿನ ತಲೆ ತಿಂದ ಬಗ್ ಕೊನೆಗೂ ಸಿಕ್ಕಿತು.

ಧ್ಯಾನಕ್ಕೆ ಕೂರುವ ನಿಮಿಷಗಳನ್ನು ನಿಧಾನಕ್ಕೆ ಏರಿಸುವ ಪೆಟ್ಟಿಗೆಯೊಂದನ್ನು ಮಾಡಿಕೊಂಡಿದ್ದೇನೆ. ಒಳಗಿರುವುದು ಇಎಸ್‌ಪಿ32 ಬೋರ್ಡ್, ಪುಟ್ಟ ಓಲೆಡ್ ಪರದೆ, ಒಂದು ಎಲ್‌ಇಡಿ, ಒಂದು ಬಟನ್. ಜೋಡಿಸಿದ ಕಥೆ ಬೇಡ, ಎಲ್ಲರಿಗೂ ಗೊತ್ತಿರೋದೇ. ಲೆಕ್ಕ ಮಾತ್ರ ಹೇಳಿಬಿಡುತ್ತೇನೆ. ಮೊದಲು ಬಳಸುತ್ತಿದ್ದ ಫೋನಿನ ಆ್ಯಪ್ ವಾರಕ್ಕೊಂದು ನಿಮಿಷ ಅಂತ ಕ್ಯಾಲೆಂಡರ್ ನೋಡಿ ಏರಿಸುತ್ತಿತ್ತು. ಊರಿಗೆ ಹೋಗಿ ಬರುವಷ್ಟರಲ್ಲಿ ಅದು ನನ್ನನ್ನು ಬಿಟ್ಟು ಮುಂದೆ ಹೋಗಿರುತ್ತಿತ್ತು. ಮೇಲಿಂದ 'ಸರಪಳಿ ಕಡಿಯಿತು' ಅಂತ ಅಳುಮುಖ ಬೇರೆ!

ಈ ಪೆಟ್ಟಿಗೆ ದಿನ ಎಣಿಸಿ ಏರಿಸುವುದಿಲ್ಲ, ಕೂತದ್ದನ್ನು ಎಣಿಸುತ್ತದೆ. ಶುರು 10 ನಿಮಿಷ. ಒಂದೇ ಅವಧಿಗೆ ಐದು ಸಲ ಪೂರ್ತಿ ಕೂತರೆ ಒಂದು ನಿಮಿಷ ಜಾಸ್ತಿ. ದಿನಕ್ಕೆ ಒಂದೇ ಸಲ ಲೆಕ್ಕ, ಇಲ್ಲದಿದ್ದರೆ ಭಾನುವಾರ ಒಂದೇ ದಿನ ಐದು ಸಲ ಕೂತು ಮುಗಿಸುವ ಆಸೆ ಬರುತ್ತದೆ. ಒಂದೆರಡು ದಿನ ತಪ್ಪಿದರೆ ಏನೂ ಬದಲಾಗುವುದಿಲ್ಲ. ಮೂರು ದಿನ ತಪ್ಪಿದರೆ ಎರಡು ನಿಮಿಷ ಇಳಿಕೆ, ಆಮೇಲೆ ಪ್ರತಿ ವಾರಕ್ಕೆ ಇನ್ನೆರಡು. 10ಕ್ಕಿಂತ ಕೆಳಗೆ ಮಾತ್ರ ಇಳಿಯದು. 18ರಲ್ಲಿದ್ದವರು ಹತ್ತು ದಿನ ಮದುವೆ ಮನೆ ಸುತ್ತಿ ಬಂದರು ಅಂದುಕೊಳ್ಳಿ. ಪರದೆಯಲ್ಲಿ '14' ಅಂತ ಮಾತ್ರ ಕಾಣುತ್ತದೆ. ಎಷ್ಟು ದಿನ ತಪ್ಪಿತು ಅಂತ ಎಲ್ಲೂ ಬರೆದಿರುವುದಿಲ್ಲ.

ನೆನಪಿಸುವುದೂ ಹಾಗೇ. ಬೆಳಿಗ್ಗೆ 5:15ಕ್ಕೆ ಎಲ್‌ಇಡಿ ಮೆಲ್ಲಗೆ ಉರಿದು ಆರುತ್ತದೆ, ಸದ್ದಿಲ್ಲ. ಮೂರು ದಿನ ಯಾರೂ ಮುಟ್ಟದಿದ್ದರೆ ದಿನ ಬಿಟ್ಟು ದಿನ, ಹತ್ತು ದಿನ ಆದರೆ ಭಾನುವಾರ ಮಾತ್ರ. ಒಂದು ಸಲ ಕೂತು ಬಟನ್ ಒತ್ತಿದರೆ ಮತ್ತೆ ದಿನಾ ಶುರು. ಕೂರದವನನ್ನು ದಿನಾ ಎಬ್ಬಿಸಿದರೆ ಅವನು ಕೂರುವುದಿಲ್ಲ, ಪ್ಲಗ್ ಕೀಳುತ್ತಾನೆ.

ಇಷ್ಟೆಲ್ಲ ಆದ ಮೇಲೂ ನಿಮಿಷ ಏರದೆ 13ರಲ್ಲೇ ಕೂತಿತ್ತು. ತಪ್ಪದೆ ಐದು ಬೆಳಗು ಕೂತರೂ ಎಣಿಕೆ ಒಮ್ಮೆ ನಾಲ್ಕು, ಒಮ್ಮೆ ಮೂರು. ಬಟನ್ ಡಿಬೌನ್ಸ್ ನೋಡಿದೆ, ಸರಿ ಇತ್ತು. ಕರೆಂಟ್ ಹೋದಾಗ ಸಮಯ ಕಳೆದುಹೋಗುತ್ತಿರಬಹುದು ಅಂತ ಸೆಲ್ ಮೇಲೆ ಓಡುವ ಡಿಎಸ್3231 ಗಡಿಯಾರದ ಮಾಡ್ಯೂಲ್ ತಂದೆ. ಅದರದ್ದು ಇನ್ನೊಂದು ರಾಮಾಯಣ. ಬೋರ್ಡಿನಲ್ಲಿ ಸೆಲ್ ಚಾರ್ಜ್ ಮಾಡುವ ಸರ್ಕ್ಯೂಟ್ ಇದೆ, ಅದರೊಳಗೆ ಹಾಕಿ ಕೊಟ್ಟದ್ದು ಚಾರ್ಜ್ ಮಾಡಬಾರದ ಸಿಆರ್2032! 5 ವೋಲ್ಟ್ ಕೊಟ್ಟರೆ ಸೆಲ್ ಉಬ್ಬಿ ಹಾಳಾಗುವ ಸಂಭವ. ಕೇಳಿದ್ದಕ್ಕೆ ಅಂಗಡಿಯವರು 'ಎಲ್ಲಾ ಹಂಗೇ ಬರೋದು ಸಾರ್' ಅಂದರು. ಡಯೋಡ್ ಪಕ್ಕದ 200 ಓಮ್ ರೆಸಿಸ್ಟರ್ ಕಿತ್ತು ಬಳಸಿದೆ. ಬಗ್ ಮಾತ್ರ ಅಲ್ಲೇ ಇತ್ತು.

ಕೊನೆಗೆ ಬಟನ್ ಒತ್ತಿದಾಗಲೆಲ್ಲ ಸಮಯದ ಜೊತೆ 1970ರಿಂದ ಎಣಿಸಿದ ದಿನದ ಸಂಖ್ಯೆಯನ್ನೂ ಸೀರಿಯಲ್ ಮಾನಿಟರ್‌ಗೆ ಪ್ರಿಂಟ್ ಮಾಡಿಸಿದೆ. ಸೋಮವಾರ 5:40ಕ್ಕೆ 20094. ಮಂಗಳವಾರ 5:20ಕ್ಕೂ 20094. ಪರದೆಯ ಗಡಿಯಾರ ಎರಡೂ ದಿನ ಸರಿಯಾಗೇ ಇತ್ತು!

ಅಲ್ಲಿಗೆ ಅರ್ಥವಾಯಿತು. `configTime(19800, 0, ...)` ಕೊಟ್ಟರೆ `localtime()` ಮಾತ್ರ ನಮ್ಮ ಸಮಯ ಹೇಳುತ್ತದೆ. `time()` ಯಾವತ್ತೂ ಯುಟಿಸಿಯ ಸೆಕೆಂಡೇ. ಅದನ್ನು 86400ರಿಂದ ಭಾಗಿಸಿದರೆ ದಿನ ಬದಲಾಗುವುದು ಗ್ರೀನಿಚ್‌ನ ಮಧ್ಯರಾತ್ರಿಗೆ, ಅಂದರೆ ನಮ್ಮ ಬೆಳಿಗ್ಗೆ 5:30ಕ್ಕೆ. ಸರಿಯಾಗಿ ನಾನು ಕೂರುವ ಹೊತ್ತು. ಹಿಂದಿನ ದಿನ 5:30 ದಾಟಿ ಮುಗಿಸಿ, ಮರುದಿನ ಬೇಗ ಎದ್ದು 5:30ರೊಳಗೆ ಮುಗಿಸಿದರೆ ಎರಡೂ ಒಂದೇ ದಿನ. ಬೇಗ ಎದ್ದದ್ದಕ್ಕೆ ಶಿಕ್ಷೆ! ಏಳು ಗಂಟೆಗೆ ಎದ್ದು ಕೂರುವವರಿಗೆ ಈ ಬಗ್ ಯಾವತ್ತೂ ಕಾಣಿಸುತ್ತಿರಲಿಲ್ಲ.

ಅದಕ್ಕೆ 19800 ಸೆಕೆಂಡು, ಅಂದರೆ ನಮ್ಮ ಐದೂವರೆ ಗಂಟೆ, ಕೂಡಿಸಿದರೆ ದಿನ ನಮ್ಮ ಮಧ್ಯರಾತ್ರಿಗೆ ಬದಲಾಗುತ್ತದೆ. ಅದೂ ಸಾಲದು. ರಾತ್ರಿ 12:30ಕ್ಕೆ ಕೂತದ್ದು ಮಲಗುವ ಮುಂಚಿನ ದಿನಕ್ಕೇ ಸೇರಬೇಕು, ಅಲ್ವಾ? ಹಾಗಾಗಿ ದಿನದ ಗಡಿಯನ್ನು ಬೆಳಗಿನ ಮೂರಕ್ಕೆ ತಳ್ಳಿದೆ. ಐದೂವರೆ ಗಂಟೆಯಲ್ಲಿ ಮೂರು ಕಳೆದರೆ ಎರಡೂವರೆ, ಸೆಕೆಂಡಿನಲ್ಲಿ 9000:

```
long day = (time(nullptr) + 9000) / 86400;
```

ಇದೇ `day` ನಿಂದಲೇ ತಪ್ಪಿದ ದಿನದ ಲೆಕ್ಕವೂ ಬರುವುದರಿಂದ ಇಳಿಕೆಯೂ ಸರಿಹೋಯಿತು. ಬೂಟ್ ಆದ ಕೂಡಲೇ, ಸಮಯ ಸಿಗುವ ಮುಂಚೆ ಬಟನ್ ಒತ್ತಿದರೆ ದಿನ ಸೊನ್ನೆ ಬರುತ್ತದೆ. ಹಾಗಾಗಿ 20000ಕ್ಕಿಂತ ಕಡಿಮೆ ಬಂದರೆ ಏನನ್ನೂ ಉಳಿಸದ ಹಾಗೆ ಒಂದು ತಡೆ ಹಾಕಿದ್ದೇನೆ.

ಈಗ 14ಕ್ಕೆ ಏರಿದೆ. ಈ ನಡುವೆ ಮನಸ್ಸು ಉಸಿರು ಬಿಟ್ಟು ಜಾಗಟೆಯ ಕಡೆ ಓಡುತ್ತಿದೆ. ಅವಧಿ ಮುಗಿದಾಗ ಬಜರ್ ಕೀರುವ ಬದಲು ಸೊಲೆನಾಯ್ಡ್‌ನಿಂದ ಹಳೆಯ ಕಂಚಿನ ಜಾಗಟೆಗೆ ಒಂದೇ ಪೆಟ್ಟು ಕೊಟ್ಟರೆ ಹೇಗೆ? ಬೆಂಚಿನ ಮೇಲೆ ಒಮ್ಮೆ ಹೊಡೆಸಿ ನೋಡಿದೆ. ಪೆಟ್ಟು ಬಿದ್ದ ಕ್ಷಣ ವೋಲ್ಟೇಜ್ ಕುಸಿದು ಇಎಸ್‌ಪಿ ರೀಸೆಟ್ ಆಯಿತು. ಅದಕ್ಕೆ ಬೇರೆ ಸಪ್ಲೈ, ಫ್ಲೈಬ್ಯಾಕ್ ಡಯೋಡ್ ಎರಡೂ ಬೇಕು. ಮನೆಯವರ ಒಪ್ಪಿಗೆಯೂ ಬೇಕು, ಹೊತ್ತು ಬೆಳಗಿನ ಐದೂವರೆ ನೋಡಿ.