ಎಸಿ ಸರ್ವೀಸ್ ಪೇಜಿನ ಪ್ರಶ್ನೆಗಳನ್ನು ಎಲ್ಲಿಂದ ತಂದೆವು

ಸರ್ವೀಸ್ ಪೇಜುಗಳ ಕೆಳಗೆ ಬರುವ ಪ್ರಶ್ನೋತ್ತರ ಬರೆಯುವುದು ನನ್ನ ಕೆಲಸದ ಒಂದು ಭಾಗ. ಇತ್ತೀಚೆಗೆ ಎಸಿ ರಿಪೇರಿ ಮಾಡುವವರ ಪೇಜ್ ಕೈಗೆ ಬಂತು. ಅದರಲ್ಲಿ ‘ನಿಮ್ಮ ಸೇವೆಯ ವಿಶೇಷತೆ ಏನು?’, ‘ರೆಫ್ರಿಜರೆಂಟ್ ಮರುಪೂರಣ ಹೇಗೆ ನಡೆಯುತ್ತದೆ?’ ಎಂಬ ಪ್ರಶ್ನೆಗಳಿದ್ದವು. ಹೀಗೆಲ್ಲ ಯಾರು ಹುಡುಕುತ್ತಾರೆ ಹೇಳಿ!

ಗೂಗಲ್ ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ರಿಪೋರ್ಟ್‌ಗೆ ಹೋಗಿ, ಮೊದಲು ಆ ಒಂದು ಪೇಜಿಗೆ ಫಿಲ್ಟರ್ ಹಾಕಿದೆ. ಆಮೇಲೆ ಕ್ವೆರಿಗಳಿಗೆ, ಅಂದರೆ ಜನ ಹುಡುಕಿದ ಸಾಲುಗಳಿಗೆ, ಇವುಗಳಲ್ಲಿ ಯಾವುದಾದರೂ ಒಂದು ಪದ ಇರುವುದನ್ನು ಮಾತ್ರ ಹೆಕ್ಕುವ ಈ ರೆಜೆಕ್ಸ್ ಕೊಟ್ಟೆ:

```
why|how|ಯಾಕೆ|ಹೇಗೆ|ಎಷ್ಟು|ಬೇಕಾ
```

ಕ್ಲಿಕ್ ಕಡಿಮೆ, ಇಂಪ್ರೆಷನ್ ಜಾಸ್ತಿ ಇರುವ ಸಾಲುಗಳನ್ನೇ ನಾನು ಮೊದಲು ನೋಡುವುದು. ಪೇಜ್ ಕಣ್ಣಿಗೆ ಬೀಳುತ್ತಿದೆ, ಆದರೆ ಜನ ಒಳಗೆ ಬರುತ್ತಿಲ್ಲ ಎಂದರ್ಥ. ಅಲ್ಲಿ ಮೂರು ಸಾಲು ಎದ್ದು ಕಂಡವು: ‘ಎಸಿ ಗ್ಯಾಸ್ ಎಷ್ಟು ವರ್ಷಕ್ಕೊಮ್ಮೆ ತುಂಬಿಸಬೇಕು’, ‘ಎಸಿ ಗ್ಯಾಸ್ ಪ್ರತಿ ವರ್ಷ ಹಾಕಿಸಬೇಕಾ’, ‘ಸರ್ವೀಸ್ ಮಾಡಿಸಿದ್ರೂ ಎಸಿ ಕೂಲ್ ಆಗ್ತಿಲ್ಲ ಯಾಕೆ’.

ಮೊದಲ ಎರಡಕ್ಕೂ ಉತ್ತರ ಒಂದೇ. ಅವನ್ನು ಬೇರೆ ಬೇರೆಯಾಗಿ ಹುಡುಕಿದಾಗ ಹೆಚ್ಚು ಕಡಿಮೆ ಅದೇ ಪೇಜುಗಳು ಬಂದವು. ಹಾಗಾಗಿ ಎರಡಕ್ಕೂ ಸೇರಿ ಒಂದೇ ಪ್ರಶ್ನೆ ಸಾಕು. ಮೂರನೆಯದು ಬೇರೆ ಸಮಸ್ಯೆ, ಅದಕ್ಕೆ ಅದರದ್ದೇ ಪ್ರಶ್ನೆ.

ಇಲ್ಲಿ ಟೆಕ್ನಿಷಿಯನ್ ಆಕ್ಷೇಪ ಎತ್ತಿದರು. ‘ಮೇಡಂ, ಗ್ಯಾಸ್ ಖರ್ಚಾಗೋ ವಸ್ತುವೇ ಅಲ್ಲ. ಕಡಿಮೆ ಆಗಿದ್ರೆ ಎಲ್ಲೋ ಲೀಕ್ ಇದೆ ಅಂತ. ಪ್ರಶ್ನೆಯೇ ತಪ್ಪು’ ಅಂದರು. ಅವರು ಹೇಳಿದ್ದು ಸರಿ. ಆದರೂ ನಾನು ಪ್ರಶ್ನೆಯನ್ನು ಬದಲಿಸಲಿಲ್ಲ. ‘ಎಸಿ ಲೀಕ್ ಗುರುತಿಸುವುದು ಹೇಗೆ’ ಎಂದು ತಿದ್ದಿದರೆ, ಲೀಕ್ ಇದೆ ಎಂದೇ ಗೊತ್ತಿಲ್ಲದವರಿಗೆ ಅದು ತಮ್ಮ ಪ್ರಶ್ನೆ ಅನ್ನಿಸುವುದಿಲ್ಲ ಅಲ್ವಾ? ತಪ್ಪು ತಿಳಿವಳಿಕೆಯನ್ನು ಉತ್ತರದ ಮೊದಲ ಸಾಲಿನಲ್ಲೇ ಸರಿಪಡಿಸಿದೆವು:

‘ಎಸಿ ಗ್ಯಾಸ್ ಎಷ್ಟು ವರ್ಷಕ್ಕೊಮ್ಮೆ ತುಂಬಿಸಬೇಕು? ಇದಕ್ಕೆ ಇಷ್ಟೇ ವರ್ಷ ಅಂತ ಲೆಕ್ಕ ಇಲ್ಲ. ಲೀಕ್ ಇಲ್ಲದಿದ್ದರೆ ಗ್ಯಾಸ್ ತುಂಬಿಸುವ ಅಗತ್ಯವೇ ಬರುವುದಿಲ್ಲ. ಕಡಿಮೆಯಾಗಿದ್ದರೆ ಮೊದಲು ಲೀಕ್ ಹುಡುಕಿ ಸರಿಮಾಡಿಸಬೇಕು.’

ಕಂಪನಿಯ ಹೆಸರು, ಹೊಗಳಿಕೆ ಯಾವುದನ್ನೂ ಪ್ರಶ್ನೆಯೊಳಗೆ ತುರುಕಲಿಲ್ಲ. ಹುಡುಕುವವರು ಅದನ್ನು ಟೈಪ್ ಮಾಡಿಲ್ಲ.

ಇದು ಪ್ರಶ್ನೋತ್ತರ ಎಂದು ಗೂಗಲ್‌ಗೆ ತಿಳಿಸುವ ಸ್ಕೀಮಾ ಕೋಡ್ ಹಾಕಿದರೆ ಅದು ಸರ್ಚ್ ಫಲಿತಾಂಶದಲ್ಲೇ ತೆರೆದುಕೊಳ್ಳುತ್ತದೆ ಎಂಬ ಆಸೆ ಕೆಲವರಿಗೆ ಈಗಲೂ ಇದೆ. 2023ರ ಆಗಸ್ಟ್‌ನಲ್ಲೇ ಗೂಗಲ್ ಆ ಸೌಲಭ್ಯವನ್ನು ಹೆಸರಾಂತ ಸರ್ಕಾರಿ ಮತ್ತು ಆರೋಗ್ಯ ಸೈಟುಗಳಿಗಷ್ಟೇ ಸೀಮಿತಗೊಳಿಸಿತು. ನಮ್ಮಂಥ ಪೇಜುಗಳಿಗೆ ಉಳಿದಿರುವುದು ಪ್ರಶ್ನೆ, ಉತ್ತರಗಳಲ್ಲಿ ಬಳಸುವ ಮಾತು ಮಾತ್ರ.

ರಿಪೋರ್ಟ್‌ಗೂ ಒಂದು ಮಿತಿ ಇದೆ. ತೀರಾ ಕಡಿಮೆ ಜನ ಹುಡುಕುವ ಕ್ವೆರಿಗಳನ್ನು ಗೂಗಲ್ ಮರೆಮಾಡುತ್ತದೆ. ಹೊಸ ಪೇಜಿನಲ್ಲಂತೂ ಪಟ್ಟಿ ಖಾಲಿಯೇ ಇರಬಹುದು. ಆಗ ನಾನು ಫೋನ್ ತೆಗೆಯುವವರ ಪಕ್ಕ ಕೂತು, ಗ್ರಾಹಕರ ಮೊದಲ ವಾಕ್ಯವನ್ನು ಹಾಗೇ ಬರೆದುಕೊಳ್ಳುತ್ತೇನೆ. ಅದನ್ನು ಸರ್ಚ್ ಬಾಕ್ಸ್‌ನಲ್ಲಿ ಅರ್ಧ ಟೈಪ್ ಮಾಡಿ, ಕೆಳಗೆ ಏನೇನು ಸಲಹೆ ಬರುತ್ತದೆ ಎಂದು ನೋಡುತ್ತೇನೆ.